ಪಗಾರ ನಿಂತ ಮೇಲಿನ ಮೂರು ತಿಂಗಳು

ಹುಬ್ಬಳ್ಳಿಯ ಕಾರ್ಖಾನೆಯೊಂದರಲ್ಲಿ ಫಿಟರ್ ಆಗಿದ್ದ ನಮ್ಮ ಮನೆಯವರ ಕೆಲಸ ಹೋದಾಗ, ಮುಂದಿನ ಮೂರು ತಿಂಗಳ ಲೆಕ್ಕ ಬರೆಯಲು ಕೂತೆವು. ಯಾವುದರಲ್ಲಿ ಲಾಭ ಹೆಚ್ಚು ಎಂದು ನೋಡಲಿಲ್ಲ. ಯಾವ ದುಡ್ಡು ಬೇಗ ಕೈಗೆ ಬರುತ್ತದೆ ಎಂದು ನೋಡಿದೆವು.

ಹಾಗಾಗಿ ಮೊದಲ ತಿಂಗಳು ದಿನಗೂಲಿ. ಪರಿಚಯದ ವರ್ಕ್‌ಶಾಪಿನಲ್ಲಿ ಪಂಪು ಬಿಚ್ಚಿ ಜೋಡಿಸುವ ಕೆಲಸ ಸಿಕ್ಕಿತು. ಸಂಜೆ ಬಂದ ಕೂಲಿಯಲ್ಲೇ ಸಂತೆ, ಹಾಲು ನಡೆಯಿತು. ಅದೇ ವಾರ ಗ್ರ್ಯಾಚುಯಿಟಿಗೆ ಅರ್ಜಿ ಕೊಟ್ಟೆವು. ಐದು ವರ್ಷ ತುಂಬಿದ ಕಾಯಂ ನೌಕರನಿಗೆ ಅದು ಹಕ್ಕು. ಕೊನೆಯ ಮೂಲ ವೇತನ ಮತ್ತು ತುಟ್ಟಿಭತ್ಯೆಯನ್ನು 26ರಿಂದ ಭಾಗಿಸಿ, 15ರಿಂದಲೂ ಸೇವೆಯ ವರ್ಷಗಳಿಂದಲೂ ಗುಣಿಸಬೇಕು. 13,000 ರೂಪಾಯಿಗೆ 9 ವರ್ಷದ್ದು 67,500 ಆಗುತ್ತದೆ. ಈ ಹಣವನ್ನು ಬಾಡಿಗೆಗೂ ಮಕ್ಕಳ ಫೀಜಿಗೂ ಎತ್ತಿಟ್ಟೆವು. ಯಾವ ಧಂದೆಗೂ ಹಾಕಲಿಲ್ಲ.

ಎರಡನೇ ತಿಂಗಳು ನಾನು ಕಡಕ್ ರೊಟ್ಟಿ ಬಡಿಯಲು ಶುರು ಮಾಡಿದೆ. ಹಂಚು, ಕೊಣಮಿಗೆ ಮನೆಯಲ್ಲೇ ಇದ್ದವು. ಕಿಲೋ ಬಿಳಿಜೋಳಕ್ಕೆ 60 ರೂಪಾಯಿ, ಗಿರಣಿಗೆ 6, ಗ್ಯಾಸಿಗೆ ಸುಮಾರು 14. ಅದರಲ್ಲಿ 20 ರೊಟ್ಟಿ ಬರುತ್ತಿತ್ತು, ಅಂದರೆ ಒಂದಕ್ಕೆ 4 ರೂಪಾಯಿ ಖರ್ಚು. ಖಾನಾವಳಿಯವರು 7 ಕೊಡುತ್ತಿದ್ದರು. ನಾಲ್ಕು ತಾಸಿನಲ್ಲಿ 80 ಬಡಿದರೆ ಉಳಿಯುವುದು 240. ಹಿಟ್ಟನ್ನು ಒಂದೇ ಸಲ ಹೆಚ್ಚು ಬೀಸಿಸಬಾರದು. ಹಳೆಯದಾದರೆ ಜಿಗಿ ಹೋಗಿ, ಬಡಿಯುವಾಗಲೇ ಅಂಚು ಸೀಳುತ್ತದೆ. ಮಳೆಗಾಲದಲ್ಲಿ ಪೂರ್ತಿ ಆರದೆ ಕಟ್ಟಿದ ರೊಟ್ಟಿಗೆ ಬೂಜು ಹಿಡಿಯುತ್ತದೆ.

ಆದರೆ ಇಂಥ ಮನೆ ಧಂದೆಯನ್ನು ಕೆಡಿಸುವುದು ಹೆಚ್ಚಾಗಿ ಉದ್ರಿ. ಖಾನಾವಳಿಯವರು “ತಿಂಗಳಾ ಒಮ್ಮೆಲೆ ಕೊಡ್ತೀವ್ರಿ ಅಕ್ಕಾರ” ಅಂದರು. ದಿನಕ್ಕೆ 560 ರೂಪಾಯಿ ಮಾಲು ಕೊಟ್ಟು ತಿಂಗಳು ಕಾದರೆ ನಮ್ಮದೇ ಜೋಳದ ದುಡ್ಡು ಅವರ ಗಲ್ಲಾದಲ್ಲಿ ಕೂರುತ್ತದೆ. “ವಾರಕ್ಕೊಮ್ಮೆ ಕೊಡ್ರಿ ಅಣ್ಣಾರ, ಇಲ್ಲಾಂದ್ರ ಜೋಳ ತರಾಕ ಆಗಂಗಿಲ್ಲ” ಅಂದೆ. ಒಪ್ಪಿದರು. ಹಿಂದಿನ ವಾರದ ಬಾಕಿ ತೀರದಿದ್ದರೆ ಹೊಸ ಕಟ್ಟು ಕೊಡುತ್ತಿರಲಿಲ್ಲ.

ಮೂರನೇ ತಿಂಗಳು ಹೊಸದೇನೂ ಹಚ್ಚಲಿಲ್ಲ. ಅರ್ಧ ರೊಟ್ಟಿಯನ್ನು ಓಣಿಯ ಮನೆಗಳಿಗೇ 9 ರೂಪಾಯಿಯಂತೆ ಕೊಟ್ಟೆ. ಬಡಿಯುವ ತಾಸು ಅಷ್ಟೇ, ಉಳಿಕೆ 320ಕ್ಕೆ ಏರಿತು. ಆ ಹೊತ್ತಿಗೆ ರೊಟ್ಟಿ ಮಷೀನಿಗೆ ಸಾಲ ಮಾಡಿರಿ ಎಂದವರಿದ್ದರು, ಮಾಡಲಿಲ್ಲ. ಪಗಾರವಿಲ್ಲದ ಮನೆ ಈ ಮೂರು ತಿಂಗಳಲ್ಲಿ ಕಂತು ಕಟ್ಟಬೇಕಾದ ಯಾವ ಧಂದೆಗೂ ಕೈಹಾಕಬಾರದು.