ಹಣ ಇಮ್ಮಡಿಯಾಗಲು ಎಷ್ಟು ವರ್ಷ? 72ರ ಲೆಕ್ಕದಲ್ಲಿ ಮಾಡಬೇಕಾದ್ದು, ಮಾಡಬಾರದ್ದು

ಮಾಡಬೇಕಾದ್ದು

72ನ್ನು ವಾರ್ಷಿಕ ಬಡ್ಡಿ ದರದಿಂದ ಭಾಗಿಸಿ. ಇಟ್ಟ ಹಣ ಎರಡರಷ್ಟಾಗಲು ಅಷ್ಟು ವರ್ಷ ಬೇಕು. ದರ ಶೇ 7.5 ಇದ್ದರೆ 7.5 ಎಂದೇ ಹಾಕಿ, 0.075 ಎಂದಲ್ಲ.

ಲೆಕ್ಕದ ಮೇಲೆ ನಂಬಿಕೆ ಬರಬೇಕಾದರೆ ಅಂಚೆ ಕಚೇರಿಯ ಕಿಸಾನ್ ವಿಕಾಸ ಪತ್ರಕ್ಕೆ ಹಚ್ಚಿ ನೋಡಿ. 2023ರ ಏಪ್ರಿಲ್‌ನಲ್ಲಿ ಅದರ ದರ ಶೇ 7.5 ಆಯಿತು, ಹಣ ಇಮ್ಮಡಿಯಾಗುವ ಅವಧಿ 115 ತಿಂಗಳು ಎಂದು ನಿಗದಿಯಾಯಿತು. 72 ಭಾಗಿಸು 7.5 ಅಂದರೆ 9.6 ವರ್ಷ. ತಿಂಗಳಿಗೆ ತಿರುಗಿಸಿದರೆ 115ಕ್ಕಿಂತ ಕೂದಲೆಳೆಯಷ್ಟು ಹೆಚ್ಚು. ಬಾಯಿಲೆಕ್ಕಕ್ಕೆ ಇದಕ್ಕಿಂತ ಹತ್ತಿರದ ಉತ್ತರ ಬೇಕಿಲ್ಲ.

ತೆರಿಗೆ ಕಟ್ಟುವವರು ತೆರಿಗೆ ಕಳೆದು ಉಳಿಯುವ ದರವನ್ನೇ ಹಾಕಬೇಕು. ಈ ಪತ್ರದ ಬಡ್ಡಿಗೆ ತೆರಿಗೆಯುಂಟು. ಶೇ 20ರ ಹಂತದಲ್ಲಿರುವವರಿಗೆ, ಸೆಸ್ ಬಿಟ್ಟರೂ, 7.5ರಲ್ಲಿ ಉಳಿಯುವುದು 6. ಆಗ ಒಂಬತ್ತೂವರೆ ವರ್ಷದ ಮಾತು ಹನ್ನೆರಡು ವರ್ಷಕ್ಕೆ ಹೋಗುತ್ತದೆ. ಮಗಳ ಕಾಲೇಜಿಗೆಂದು ಕೂಡಿಡುವವರು ಈ ಎರಡೂವರೆ ವರ್ಷವನ್ನು ಮೊದಲೇ ಎಣಿಸಿಕೊಳ್ಳಬೇಕು.

ಮಾಡಬಾರದ್ದು

‘ಸರಾಸರಿ ಇಳುವರಿ’ ಎಂದು ಹೇಳುವ ದರವನ್ನು ಈ ಲೆಕ್ಕಕ್ಕೆ ಹಾಕಬೇಡಿ. ಜನ ಹೆಚ್ಚು ಮೋಸಹೋಗುವುದು ಇಲ್ಲೇ. 1 ಲಕ್ಷ ರೂಪಾಯಿ 115 ತಿಂಗಳಲ್ಲಿ 2 ಲಕ್ಷವಾದರೆ, ಬಂದ 1 ಲಕ್ಷವನ್ನು ವರ್ಷಗಳಿಗೆ ಸಮನಾಗಿ ಹಂಚಿ ‘ವರ್ಷಕ್ಕೆ ಶೇ 10.4’ ಎಂದು ಹೇಳಿಬಿಡಬಹುದು. ಅದನ್ನು ನಂಬಿ 72ನ್ನು 10.4ರಿಂದ ಭಾಗಿಸಿದರೆ ಏಳು ವರ್ಷಕ್ಕೂ ಕಡಿಮೆ ಬರುತ್ತದೆ, ಹಣ ಮಾತ್ರ ಒಂಬತ್ತೂವರೆ ವರ್ಷಕ್ಕೇ ಇಮ್ಮಡಿ. ಪರೀಕ್ಷಿಸುವುದು ಸುಲಭ: ಹೇಳಿದ ಅವಧಿಯನ್ನು ವರ್ಷಕ್ಕೆ ತಿರುಗಿಸಿ, 72ನ್ನು ಅದರಿಂದ ಭಾಗಿಸಿ. ನಿಜವಾದ ಚಕ್ರಬಡ್ಡಿ ದರ ಹೊರಬೀಳುತ್ತದೆ. ಹೇಳಿದ ದರ ಅದಕ್ಕೆ ತಾಳೆಯಾಗದಿದ್ದರೆ ಸಹಿ ಹಾಕಬೇಡಿ.

ಮೂರು ತಿಂಗಳಿಗೊಮ್ಮೆ ಬಡ್ಡಿ ಕೈಗೆ ಬರುವ ಠೇವಣಿಗೆ ಈ ಲೆಕ್ಕ ಹಚ್ಚಬೇಡಿ. ಬಡ್ಡಿ ಅಸಲಿಗೆ ಸೇರಿ ಅದಕ್ಕೂ ಬಡ್ಡಿ ಹುಟ್ಟಿದರೆ ಮಾತ್ರ 72. ತೆಗೆದು ಖರ್ಚು ಮಾಡುವವರು 100ನ್ನು ಭಾಗಿಸಬೇಕು. ಶೇ 7.5ಕ್ಕೆ, ಕೈಗೆ ಬಂದ ಬಡ್ಡಿಯೆಲ್ಲ ಸೇರಿ ಅಸಲಿನಷ್ಟಾಗಲು ಹದಿಮೂರು ವರ್ಷ ನಾಲ್ಕು ತಿಂಗಳು.

ತಿಂಗಳ ಕಂತಿನ ಆರ್‌ಡಿಗೂ ಬೇಡ. ಕೊನೆಯ ಕಂತಿಗೆ ಬೆಳೆಯಲು ಸಿಗುವುದು ಒಂದೇ ತಿಂಗಳು. ಅದೇ ದರದಲ್ಲಿ ತಿಂಗಳಿಗೆ 1,000ದಂತೆ 115 ತಿಂಗಳು ಕಟ್ಟಿದ 1,15,000 ಕೊನೆಗೆ ಸುಮಾರು 1,66,000 ಆಗುತ್ತದೆ, 2,30,000 ಅಲ್ಲ.

ದರ ಬಹಳ ಏರಿದಾಗ ಉತ್ತರವನ್ನು ಹಾಗೇ ಒಪ್ಪಬೇಡಿ. ಶೇ 6ರಿಂದ 10ರವರೆಗೆ ಲೆಕ್ಕ ಗಟ್ಟಿಯಾಗಿ ನಿಲ್ಲುತ್ತದೆ. ಶೇ 24ಕ್ಕೆ ಅದು ಮೂರು ವರ್ಷ ಎನ್ನುತ್ತದೆ, ನಿಜಕ್ಕೆ ಬೇಕಾದದ್ದು ಮೂರು ವರ್ಷದ ಮೇಲೆ ಇನ್ನೂ ಎರಡೂವರೆ ತಿಂಗಳು.