ಲಾಂಚ್ ಮುಗಿಯಿತು: ಯಾರಿಗೆ, ಯಾವುದಕ್ಕೆ ಥ್ಯಾಂಕ್ಸ್ ಹೇಳುತ್ತೀರಿ?

ಹೊಸ ತಂತ್ರಾಂಶ ಗ್ರಾಹಕರ ಕೈಸೇರಿದ ಮರುದಿನ ತಂಡದ ಗ್ರೂಪಿನಲ್ಲಿ ಒಂದು ಸಂದೇಶ ಬೀಳುತ್ತದೆ: ‘ಎಲ್ಲರೂ ಅದ್ಭುತವಾಗಿ ಕೆಲಸ ಮಾಡಿದ್ದೀರಿ, ಧನ್ಯವಾದಗಳು.’ ಅದರ ಕೆಳಗೆ ಚಪ್ಪಾಳೆಯ ಇಮೋಜಿಗಳು ಸಾಲುಗಟ್ಟುತ್ತವೆ. ವಾರಗಟ್ಟಲೆ ನಿದ್ದೆಗೆಟ್ಟು ದುಡಿದವರಿಗೂ, ಗ್ರೂಪಿನಲ್ಲಿ ಹೆಸರಿಗಷ್ಟೇ ಇದ್ದವರಿಗೂ ಸಿಗುವುದು ಅದೇ ಒಂದು ಸಾಲು. ಕಳಿಸಿದವರ ಮನಸ್ಸಿನಲ್ಲಿ ಕೃತಜ್ಞತೆ ಇಲ್ಲವೆಂದಲ್ಲ. ಆದರೆ ಯಾರು ಏನು ಮಾಡಿದರೆಂದು ಅವರಿಗೆ ಗೊತ್ತಿದೆಯೇ ಎಂಬುದು ಆ ಸಾಲಿನಿಂದ ತಿಳಿಯುವುದಿಲ್ಲ. ದಣಿದ ತಂಡಕ್ಕೆ ಬೇಕಾಗಿರುವುದು ಅದೇ.

ಒಂದು ಉದಾಹರಣೆಯನ್ನೇ ಹಿಡಿದು ನೋಡೋಣ. ಸಣ್ಣ ಊರುಗಳ ಮೆಡಿಕಲ್ ಶಾಪ್‌ಗಳಿಗೆ ಬಿಲ್ಲಿಂಗ್ ತಂತ್ರಾಂಶ ಮಾಡಿಕೊಡುವ ಹನ್ನೆರಡು ಜನರ ತಂಡ ಎಂದುಕೊಳ್ಳಿ. ಹಳೆಯ ಆವೃತ್ತಿಯ ದಾಸ್ತಾನು, ಸಾಲದ ಲೆಕ್ಕ ಎಲ್ಲವನ್ನೂ ಹೊಸದಕ್ಕೆ ಸಾಗಿಸಬೇಕು. ಅಂಗಡಿಗಳು ಮುಚ್ಚಿರುವ ಭಾನುವಾರ ರಾತ್ರಿ ಅದನ್ನು ಮುಗಿಸಿ, ಸೋಮವಾರ ಬೆಳಿಗ್ಗೆ ಬಾಗಿಲು ತೆರೆಯುವಷ್ಟರಲ್ಲಿ ಬಿಲ್ ಬರುವಂತಿರಬೇಕು. ಹೇಗೋ ಆಯಿತು. ತಂಡದ ಲೀಡ್ ನೀವು. ಈಗೇನು ಮಾಡಬೇಕು?

ಮೊದಲು ದಾಖಲೆ ತೆರೆಯಿರಿ

ಅದೇ ರಾತ್ರಿ ಏನೂ ಬರೆಯಬೇಡಿ. ಎಲ್ಲರಿಗೂ ನಿದ್ದೆ ಬೇಕು, ನಿಮಗೂ. ಹಾಗೆಂದು ತಿಂಗಳು ಬಿಟ್ಟರೆ ವಿವರಗಳು ಮರೆತುಹೋಗುತ್ತವೆ. ಮೂರು-ನಾಲ್ಕು ದಿನದೊಳಗೆ, ವಾರ ಮುಗಿಯುವ ಮುನ್ನ, ಎರಡು ಸಂಜೆ ಇದಕ್ಕೆಂದೇ ಎತ್ತಿಡಿ.

ನೆನಪನ್ನು ನಂಬಿ ಕೂರಬೇಡಿ. ಮೀಟಿಂಗಿನಲ್ಲಿ ಹೆಚ್ಚು ಮಾತಾಡಿದವರು, ಕೊನೆಯ ರಾತ್ರಿ ಪಕ್ಕದಲ್ಲೇ ಕೂತಿದ್ದವರು ಮೊದಲು ನೆನಪಿಗೆ ಬರುತ್ತಾರೆ. ಒಂದು ತಿಂಗಳ ಹಿಂದೆ ಸದ್ದಿಲ್ಲದೆ ಏನೋ ಸರಿಮಾಡಿದವರು ಬರುವುದಿಲ್ಲ. ಬಗ್ ಪಟ್ಟಿ, ಕೋಡ್ ರಿವ್ಯೂನಲ್ಲಿ ಬರೆದ ಟಿಪ್ಪಣಿಗಳು, ಲಾಂಚ್ ರಾತ್ರಿಯ ಚಾಟ್, ಸಪೋರ್ಟ್‌ಗೆ ಬಂದ ಕರೆಗಳ ದಾಖಲೆ, ಇಷ್ಟನ್ನು ತೆರೆದು ಕೂತರೆ ಸಾಕು. ಪ್ರತಿಯೊಬ್ಬರ ಹೆಸರಿನ ಮುಂದೆ ‘ಇವರು ಇಲ್ಲದಿದ್ದರೆ ಏನು ಬೇರೆಯಾಗುತ್ತಿತ್ತು?’ ಎಂದು ಕೇಳಿಕೊಂಡು ಒಂದು ಸಾಲು ಗುರುತು ಹಾಕಿ.

ಒಂದೆರಡು ಹೆಸರುಗಳ ಮುಂದೆ ಜಾಗ ಖಾಲಿ ಉಳಿಯುತ್ತದೆ. ಅದರರ್ಥ ಅವರು ಕೆಲಸ ಮಾಡಿಲ್ಲವೆಂದಲ್ಲ, ಅವರ ಕೆಲಸ ನಿಮ್ಮ ಕಣ್ಣಿಗೆ ಬಿದ್ದಿಲ್ಲ ಎಂದು. ಆಗ ಅವರ ಪಕ್ಕ ಕೂರುವವರನ್ನು ಕೇಳಿ: ‘ಈ ಸಲ ನಿಮಗೆ ಹೆಚ್ಚು ನೆರವಾದವರು ಯಾರು, ಏನು ಮಾಡಿದರು?’ ಈ ಒಂದು ಪ್ರಶ್ನೆಗೆ ಬರುವ ಉತ್ತರಗಳಲ್ಲಿ, ನಿಮಗೆ ಗೊತ್ತೇ ಇಲ್ಲದ ಅರ್ಧ ಕಥೆ ಇರುತ್ತದೆ.

ಸಂದರ್ಭ, ಕೆಲಸ, ಪರಿಣಾಮ

ಮಾತನ್ನು ಕಟ್ಟುವ ಕ್ರಮ ಸರಳ. ಯಾವ ಸಂದರ್ಭ, ಆಗ ಅವರು ಏನು ಮಾಡಿದರು, ಅದರಿಂದ ಯಾರಿಗೆ ಏನಾಯಿತು. ಅಮೆರಿಕದ ಸೆಂಟರ್ ಫಾರ್ ಕ್ರಿಯೇಟಿವ್ ಲೀಡರ್‌ಶಿಪ್ ಎಂಬ ಸಂಸ್ಥೆ ಮ್ಯಾನೇಜರ್‌ಗಳಿಗೆ ಅಭಿಪ್ರಾಯ ಹೇಳುವುದನ್ನು ಕಲಿಸುವುದು ಇದೇ ಮೂರು ಮೆಟ್ಟಿಲುಗಳಲ್ಲಿ. ಹೆಚ್ಚಿನವರು ಎಡವುವುದು ಮೂರನೆಯದರಲ್ಲಿ.

ನಮ್ಮ ತಂಡದ ಟೆಸ್ಟರ್ ವಿಷಯ ತೆಗೆದುಕೊಳ್ಳಿ. ಮಾತ್ರೆಯ ಪಟ್ಟಿಯ ಮೇಲೆ ಎಕ್ಸ್‌ಪೈರಿ ಎಂದು ಸಾಮಾನ್ಯವಾಗಿ ತಿಂಗಳು, ವರ್ಷ ಮಾತ್ರ ಇರುತ್ತದೆ. ಆ ತಿಂಗಳ ಕೊನೆಯ ದಿನದವರೆಗೂ ಔಷಧಿಯನ್ನು ಮಾರಬಹುದು. ಹೊಸ ತಂತ್ರಾಂಶ ಅದನ್ನು ತಿಂಗಳ ಒಂದನೇ ತಾರೀಕು ಎಂದು ಓದುತ್ತಿತ್ತು. ಶುಕ್ರವಾರ ಸಂಜೆ ಅವರು ಇದನ್ನು ಹಿಡಿದರು. ಕೊಟ್ಟಿದ್ದ ಟೆಸ್ಟ್ ಪಟ್ಟಿಯಲ್ಲಿ ಇದು ಇರಲೇ ಇಲ್ಲ. ಮನೆಯಲ್ಲಿದ್ದ ಒಂದು ಮಾತ್ರೆ ಪಟ್ಟಿಯ ವಿವರವನ್ನು ತಾವಾಗಿಯೇ ಹಾಕಿ ನೋಡಿದ್ದರು. ಅವರಿಗೆ ‘ಟೆಸ್ಟಿಂಗ್ ತುಂಬಾ ಚೆನ್ನಾಗಿ ಮಾಡಿದಿರಿ’ ಎಂದರೆ ಏನೂ ಹೇಳಿದಂತಾಗಲಿಲ್ಲ. ಹೀಗೆ ಬರೆಯಿರಿ:

‘ಶುಕ್ರವಾರ ಸಂಜೆ ನಾವೆಲ್ಲ ಪ್ರಿಂಟರ್ ಸಮಸ್ಯೆಯಲ್ಲಿ ಮುಳುಗಿದ್ದಾಗ, ಪಟ್ಟಿಯಲ್ಲಿ ಇಲ್ಲದ ಎಕ್ಸ್‌ಪೈರಿ ತಾರೀಕನ್ನು ನೀವು ನಿಜವಾದ ಔಷಧಿಯ ವಿವರ ಹಾಕಿ ಪರೀಕ್ಷಿಸಿದಿರಿ. ಅದು ಹಾಗೇ ಹೋಗಿದ್ದರೆ ಈ ತಿಂಗಳು ಎಕ್ಸ್‌ಪೈರಿ ಇರುವ ಒಳ್ಳೆಯ ಔಷಧಿಗೆಲ್ಲ ಅಂಗಡಿಯಲ್ಲಿ ಬಿಲ್ ಆಗುತ್ತಿರಲಿಲ್ಲ. ಚೀಟಿ ಹಿಡಿದು ಬಂದವರು ಬರಿಗೈಲಿ ಹೋಗುತ್ತಿದ್ದರು. ಅಂಗಡಿಯವರ ಜಾಗದಲ್ಲಿ ನಿಂತು ಯೋಚಿಸಿದ್ದಕ್ಕೆ ಧನ್ಯವಾದಗಳು.’

ಇದರಲ್ಲಿ ‘ಅದ್ಭುತ’, ‘ಅಸಾಧಾರಣ’ ಎಂಬಂಥ ಒಂದು ಪದವೂ ಇಲ್ಲ. ವಿವರ ಇದ್ದಾಗ ವಿಶೇಷಣಗಳು ತಾವಾಗಿಯೇ ಉದುರುತ್ತವೆ. ಬರೆದಾದ ಮೇಲೆ ಹೆಸರನ್ನು ಬೆರಳಿನಿಂದ ಮುಚ್ಚಿ ಓದಿ ನೋಡಿ. ತಂಡದ ಇನ್ನೊಬ್ಬರಿಗೂ ಅದೇ ಪತ್ರ ಹೊಂದುವಂತಿದ್ದರೆ ಮತ್ತೆ ಬರೆಯಬೇಕು.

‘ನನಗೆ ಬರೆಯಲು ಬರುವುದಿಲ್ಲ’ ಎಂದು ಹಿಂಜರಿಯುವವರಿಗೆ ಒಂದು ಮಾತು. ಅಮಿತ್ ಕುಮಾರ್ ಮತ್ತು ನಿಕೊಲಸ್ ಎಪ್ಲಿ ಎಂಬ ಸಂಶೋಧಕರು 2018ರಲ್ಲಿ ಕೃತಜ್ಞತೆಯ ಪತ್ರಗಳ ಬಗ್ಗೆ ಒಂದು ಅಧ್ಯಯನ ಪ್ರಕಟಿಸಿದರು. ಪತ್ರ ಬರೆದವರಿಗೆ ತಮ್ಮ ಪದಗಳು ಸರಿಯಿವೆಯೋ ಇಲ್ಲವೋ ಎಂಬ ಚಿಂತೆ. ಪಡೆದವರು ಗಮನಿಸಿದ್ದು ಅದರಲ್ಲಿದ್ದ ಅಕ್ಕರೆಯನ್ನು. ಓದುವವರಿಗೆ ಮುಜುಗರವಾದೀತೆಂದು ಬರೆದವರು ಅಂದುಕೊಂಡದ್ದು ನಿಜಕ್ಕಿಂತ ಹೆಚ್ಚು, ಅವರಿಗಾಗುವ ಸಂತೋಷದ ಅಂದಾಜು ನಿಜಕ್ಕಿಂತ ಕಡಿಮೆ ಇತ್ತು. ನಾಲ್ಕೈದು ವಾಕ್ಯ ಸಾಕು. ದಿನವೂ ಕನ್ನಡದಲ್ಲಿ ಮಾತಾಡುವ ಸಹೋದ್ಯೋಗಿಗೆ ಆಫೀಸಿನ ಇಂಗ್ಲಿಷ್ ಹುಡುಕುವ ಬದಲು ಕನ್ನಡದಲ್ಲೇ ಬರೆದುಬಿಡಿ.

ಏನೂ ಆಗದಂತೆ ನೋಡಿಕೊಂಡವರು

ಅತಿ ಕಷ್ಟ ಇವರಿಗೆ ಬರೆಯುವುದು. ಡೇಟಾಬೇಸ್ ನೋಡಿಕೊಳ್ಳುವವರು ಎರಡು ವಾರ ಮೊದಲೇ ಹಟ ಹಿಡಿದು, ಹಳೆಯ ಸ್ಥಿತಿಗೆ ಹಿಂತಿರುಗುವ ತಾಲೀಮನ್ನು ಡೇಟಾದ ಪ್ರತಿಯ ಮೇಲೆ ಮಾಡಿಸಿದ್ದರು. ಲಾಂಚ್ ದಿನ ಹಿಂತಿರುಗುವ ಅಗತ್ಯ ಬೀಳಲೇ ಇಲ್ಲ. ಹಾಗಾದರೆ ಆ ತಾಲೀಮು ವ್ಯರ್ಥವಾಯಿತೇ? ರಾತ್ರಿ ಒಂದೂವರೆಗೆ ಡೇಟಾ ಸಾಗಣೆ ನಿಧಾನವಾದಾಗ ಯಾರೂ ಗಾಬರಿಯಾಗಲಿಲ್ಲ, ಏಕೆಂದರೆ ನಾಲ್ಕು ಗಂಟೆಯವರೆಗೆ ಕಾದರೂ ಹಿಂತಿರುಗಲು ಸಮಯವಿದೆ ಎಂದು ತಾಲೀಮಿನಿಂದ ಗೊತ್ತಿತ್ತು. ಪತ್ರದಲ್ಲಿ ಹೇಳಬೇಕಾದದ್ದು ಇದನ್ನೇ: ‘ಒಂದೂವರೆ ಗಂಟೆಗೆ ನಾನು ನಿಲ್ಲಿಸಿಬಿಡೋಣ ಎನ್ನುವವನಿದ್ದೆ. ನಿಮ್ಮ ತಾಲೀಮಿನ ಲೆಕ್ಕ ಕೈಯಲ್ಲಿದ್ದದ್ದರಿಂದ ಕಾಯುವ ಧೈರ್ಯ ಬಂತು.’ ಒಳ್ಳೆಯ ಸಿದ್ಧತೆಗೆ ಪುರಾವೆ ಸಿಗುವುದು ಹೀಗೆ, ಇತರರು ನೆಮ್ಮದಿಯಿಂದ ತೆಗೆದುಕೊಂಡ ತೀರ್ಮಾನಗಳಲ್ಲಿ. ಅಲ್ಲಿ ಹುಡುಕಿ.

ಸಪೋರ್ಟ್ ಫೋನ್ ಎತ್ತುವವರದ್ದೂ ಇದೇ ಕಥೆ. ಸೋಮವಾರ ಬೆಳಿಗ್ಗೆ ಹತ್ತಾರು ಅಂಗಡಿಯವರಿಗೆ ಸಮಾಧಾನ ಹೇಳುತ್ತಲೇ, ಮತ್ತೆ ಮತ್ತೆ ಬಂದ ಮೂರು ಪ್ರಶ್ನೆಗಳನ್ನು ಗುರುತಿಸಿ ಮಧ್ಯಾಹ್ನದೊಳಗೆ ಪ್ರೋಗ್ರಾಮರ್‌ಗಳಿಗೆ ಕಳಿಸಿದವರು ಅವರು. ‘ತಾಳ್ಮೆಗೆ ಧನ್ಯವಾದ’ ಎಂದರೆ ಆ ಬುದ್ಧಿವಂತಿಕೆ ಲೆಕ್ಕಕ್ಕೇ ಬರಲಿಲ್ಲ.

ಇನ್ನು, ಯಾರ ಕೋಡ್ ಲಾಂಚ್ ದಿನವೇ ಕೈಕೊಟ್ಟಿತೋ ಆ ಕಿರಿಯ ಎಂಜಿನಿಯರ್‌ಗೆ ಏನು ಹೇಳುವುದು? ಸುಳ್ಳು ಹೊಗಳಿಕೆ ಬೇಡ, ಅವರಿಗೇ ಅದು ತಿಳಿಯುತ್ತದೆ. ಆದರೆ ತಪ್ಪು ಕಂಡ ಕೂಡಲೇ ‘ಇದು ನನ್ನ ಬದಲಾವಣೆಯಿಂದ ಆಗಿದೆ’ ಎಂದು ಗ್ರೂಪಿನಲ್ಲಿ ಬರೆದಿದ್ದರೆ, ಹುಡುಕಾಟದ ಸಮಯ ಎಷ್ಟೋ ಉಳಿದಿರುತ್ತದೆ. ಅದು ನಿಜವಾದ ಕೊಡುಗೆ, ಅದನ್ನಷ್ಟೇ ಹೇಳಿ. ಕೋಡ್ ಬಗ್ಗೆ ಆಡಬೇಕಾದ ಮಾತು ಬೇರೆ ದಿನಕ್ಕಿರಲಿ.

ಎಲ್ಲಿ ಕೆಡುತ್ತದೆ

ಒಬ್ಬರ ಕೆಲಸವನ್ನು ಇನ್ನೊಬ್ಬರ ಹೆಸರಿಗೆ ಬರೆಯುವುದು ಅತ್ಯಂತ ಕೆಟ್ಟ ತಪ್ಪು. ಏನೂ ಬರೆಯದಿದ್ದರೂ ಇಷ್ಟು ನೋವಾಗುತ್ತಿರಲಿಲ್ಲ. ಕಳಿಸುವ ಮುನ್ನ, ಆ ಕೆಲಸದಲ್ಲಿದ್ದ ಮತ್ತೊಬ್ಬರಲ್ಲಿ ‘ಹೀಗೇ ಆಯಿತಲ್ಲವೇ?’ ಎಂದು ಕೇಳಿ ಖಾತ್ರಿ ಮಾಡಿಕೊಳ್ಳಿ.

ಎರಡನೆಯದು, ರಾತ್ರಿಯಿಡೀ ಕೂತದ್ದನ್ನೇ ಹೊಗಳುವುದು. ಮನೆಯಲ್ಲಿ ಮಗು ಇದೆಯೆಂದು ಆರಕ್ಕೆ ಹೊರಟು, ಅಷ್ಟರೊಳಗೆ ಪಾಲಿನ ಕೆಲಸ ಅಚ್ಚುಕಟ್ಟಾಗಿ ಮುಗಿಸಿದವರಿಗೆ ಇದು ಚುಚ್ಚುತ್ತದೆ. ಮುಂದಿನ ಸಲ ಎಲ್ಲರೂ ಸುಮ್ಮನೆ ಆಫೀಸಿನಲ್ಲಿ ಕೂರುವ ಅಭ್ಯಾಸವೂ ಬೆಳೆಯುತ್ತದೆ. ಎಷ್ಟು ಹೊತ್ತು ಕೂತರು ಎನ್ನುವ ಬದಲು, ಆ ಹೊತ್ತಿನಲ್ಲಿ ತೆಗೆದುಕೊಂಡ ತೀರ್ಮಾನವನ್ನು ಹೆಸರಿಸಿ. ಭಾನುವಾರ ದುಡಿದವರಿಗೆ ಸಲ್ಲಬೇಕಾದ ಕಾಂಪ್ ಆಫ್ ಪ್ರತ್ಯೇಕವಾಗಿ, ತಪ್ಪದೆ ಸಿಗಬೇಕು. ಪತ್ರ ಅದಕ್ಕೆ ಬದಲಿಯಲ್ಲ. ರಜೆ ಮಂಜೂರಾಗದೆ ಬಂದ ಹೊಗಳಿಕೆಯನ್ನು ತಂಡ ನಂಬುವುದಿಲ್ಲ, ನಂಬಬೇಕಾಗಿಯೂ ಇಲ್ಲ.

ಕೊನೆಯ ಸಾಲಿನಲ್ಲಿ ‘ಮುಂದಿನ ರಿಲೀಸ್‌ಗೂ ಇದೇ ಹುರುಪು ಇರಲಿ’ ಎಂದು ಸೇರಿಸುವ ಚಪಲ ಬಹಳ ಜನರಿಗಿದೆ. ಕೊಟ್ಟದ್ದನ್ನೆಲ್ಲ ಆ ಒಂದು ಸಾಲು ವಾಪಸ್ ಕಸಿದುಕೊಳ್ಳುತ್ತದೆ. ತೆಗೆದುಹಾಕಿ. ಹಾಗೆಯೇ, ಗಡುವು ಅತಿಯಾಗಿ ಬಿಗಿಯಾದದ್ದು ನಿಮ್ಮ ಅಥವಾ ಮೇಲಿನವರ ತೀರ್ಮಾನದಿಂದ ಎಂದಾದರೆ, ಆ ಮಾತನ್ನು ತಂಡದ ಮುಂದೆ ಬೇರೆಯಾಗಿ ಒಪ್ಪಿಕೊಳ್ಳಿ. ಧನ್ಯವಾದದೊಳಗೆ ಕ್ಷಮೆಯನ್ನು ಬೆರೆಸಿದರೆ ಎರಡೂ ಮಸುಕಾಗುತ್ತವೆ.

ಯಾರ ಮುಂದೆ, ಯಾರಿಗೆ ಪ್ರತಿ

ಪತ್ರ ಮೊದಲು ಅವರೊಬ್ಬರಿಗೇ ಹೋಗಲಿ. ಸಭೆಯಲ್ಲಿ ಓದಬೇಕೆಂದಿದ್ದರೆ ಮೊದಲೇ ಕೇಳಿ. ಎಲ್ಲರೆದುರು ಹೆಸರು ಹೇಳಿದರೆ ಮುದುಡುವವರು ಪ್ರತಿ ತಂಡದಲ್ಲೂ ಇರುತ್ತಾರೆ. ಸಭೆಯಲ್ಲಿ ಹೇಳುವುದಾದರೆ ಹನ್ನೆರಡೂ ಜನರ ಬಗ್ಗೆ ಒಂದೊಂದು ನಿರ್ದಿಷ್ಟ ಮಾತಿರಬೇಕು. ಹತ್ತು ಹೆಸರು ಹೇಳಿ ‘ಮತ್ತು ಉಳಿದವರೆಲ್ಲ’ ಎಂದರೆ ಆ ಇಬ್ಬರು ಅದನ್ನು ವರ್ಷಗಟ್ಟಲೆ ನೆನಪಿಡುತ್ತಾರೆ. ಅರವತ್ತು ಜನರ ವಿಭಾಗವಾದರೆ ಒಬ್ಬರೇ ಬರೆಯುವುದು ಆಗದ ಮಾತು. ಪ್ರತಿ ಲೀಡ್ ತನ್ನ ತಂಡಕ್ಕೆ ಬರೆಯಲಿ.

ಪತ್ರದ ಪ್ರತಿ ಅವರ ಮೇಲಧಿಕಾರಿಗೂ ಹೋದರೆ ಅಪ್ರೈಸಲ್ ಹೊತ್ತಿಗೆ ಉಪಯೋಗಕ್ಕೆ ಬರುತ್ತದೆ. ಆದ್ದರಿಂದ ತಾರೀಕು, ಕೆಲಸದ ಹೆಸರು ಸ್ಪಷ್ಟವಾಗಿರಲಿ. ಗುತ್ತಿಗೆಯ ಮೇಲೆ ಬಂದವರಿಗೆ ಇದು ಇನ್ನೂ ಮುಖ್ಯ: ಅವರ ಸಂಬಳ, ಬಡ್ತಿ ತೀರ್ಮಾನಿಸುವ ಕಂಪನಿಗೆ ಅವರು ಇಲ್ಲಿ ಏನು ಮಾಡಿದರೆಂದು ಬೇರೆ ದಾರಿಯಲ್ಲಿ ಗೊತ್ತಾಗುವುದೇ ಇಲ್ಲ. ಅವರನ್ನು ಕೇಳಿ, ಆ ಕಂಪನಿಗೂ ಒಂದು ಪ್ರತಿ ಕಳಿಸಿ. ಮಧ್ಯದಲ್ಲೇ ಬೇರೆ ತಂಡಕ್ಕೆ ಹೋದವರನ್ನೂ, ಅವರು ಹಾಕಿದ ತಳಪಾಯದ ಮೇಲೆ ನೀವು ನಿಂತಿದ್ದರೆ, ಪಟ್ಟಿಗೆ ಸೇರಿಸಿ.

ಪತ್ರ ತಲುಪಿದ ಮೇಲೆ ಬರುವ ಉತ್ತರವನ್ನು ಗಮನವಿಟ್ಟು ಓದಿ. ಸಾಮಾನ್ಯ ಹೊಗಳಿಕೆಗೆ ‘ಥ್ಯಾಂಕ್ಯೂ ಸರ್’ ಎಂದಷ್ಟೇ ಬರುತ್ತದೆ. ನಿರ್ದಿಷ್ಟ ಮಾತಿಗೆ ಬರುವ ಉತ್ತರ ಉದ್ದವಾಗಿರುತ್ತದೆ, ಅದರಲ್ಲಿ ಇನ್ನೊಂದು ಹೆಸರೂ ಇರುತ್ತದೆ: ‘ಎಕ್ಸ್‌ಪೈರಿ ವಿಷಯ ನನಗೆ ಹೊಳೆದದ್ದು, ಹಿಂದಿನ ವಾರ ಟ್ರೈನಿಂಗ್ ಕೊಡಲು ಅಂಗಡಿಗಳಿಗೆ ಹೋಗಿಬಂದ ಹುಡುಗ ಹೇಳಿದ ಮಾತಿನಿಂದ.’ ಆ ಹುಡುಗ ನಿಮ್ಮ ಹನ್ನೆರಡು ಜನರ ಪಟ್ಟಿಯಲ್ಲಿ ಇರಲಿಲ್ಲ. ಅವನು ಅಂಗಡಿಯಲ್ಲಿ ಏನು ನೋಡಿದ, ಯಾರಿಗೆ ಏನು ಹೇಳಿದ ಎಂದು ವಿಚಾರಿಸಿ, ಹದಿಮೂರನೆಯ ಪತ್ರವನ್ನು ಅದೇ ದಿನ ಬರೆಯಿರಿ.