‘ಈಸ್’ ಅಲ್ಲ, ‘ಬಿ’: ಒಂದು ಮನವಿ ಪತ್ರದ ವ್ಯಾಕರಣ



ಕಳೆದ ತಿಂಗಳು ದ್ವಿತೀಯ ಪಿಯುಸಿಯ ಕೆಲವು ವಿದ್ಯಾರ್ಥಿನಿಯರು ಪ್ರಾಂಶುಪಾಲರಿಗೆ ಕೊಡಲಿದ್ದ ಇಂಗ್ಲಿಷ್ ಮನವಿಯೊಂದನ್ನು ತಿದ್ದಿಸಿಕೊಳ್ಳಲು ನನ್ನ ಬಳಿ ತಂದರು. ನಮ್ಮ ಗ್ರಂಥಾಲಯ ಮುಚ್ಚುವುದು ಮಧ್ಯಾಹ್ನ 3.30ಕ್ಕೆ. ಪರೀಕ್ಷೆ ಮುಗಿಯುವವರೆಗೆ ಅದನ್ನು 5 ಗಂಟೆಯ ತನಕ ತೆರೆದಿಡಬೇಕೆಂಬುದು ಅವರ ಬೇಡಿಕೆ. ಬರೆದದ್ದು ಹೀಗೆ: ‘ವಿ ಇನ್ಸಿಸ್ಟ್ ದಟ್ ದ ಲೈಬ್ರರಿ ಈಸ್ ಓಪನ್ ಟಿಲ್ ಫೈವ್.’

ಓದಿದೊಡನೆ ನನಗೆ ನಗು ಬಂತು. ‘ಗ್ರಂಥಾಲಯ 5ರವರೆಗೆ ತೆರೆದೇ ಇರುತ್ತದೆ, ಇದು ಖಂಡಿತ’ ಎಂಬ ಅರ್ಥವೇ ಅದರಲ್ಲಿ ಮೊದಲು ಕಾಣುತ್ತದೆ. ‘ತೆರೆದೇ ಇದ್ದರೆ ಮನವಿ ಯಾಕಮ್ಮಾ?’ ಎಂದು ಪ್ರಾಂಶುಪಾಲರು ಕೇಳಿದರೆ ಉತ್ತರವಿಲ್ಲ.

ಇನ್ಸಿಸ್ಟ್ ಎಂಬ ಕ್ರಿಯಾಪದಕ್ಕೆ ಎರಡು ಅರ್ಥಗಳಿವೆ. ಇರುವ ಸಂಗತಿಯನ್ನು ಒತ್ತಿ ಹೇಳುವಾಗ ‘ಈಸ್’ ಸರಿ. ಹೀಗಾಗಬೇಕು ಎಂದು ಪಟ್ಟು ಹಿಡಿಯುವಾಗ ಕ್ರಿಯಾಪದದ ಮೂಲರೂಪ ಬೇಕು: ‘ದಟ್ ದ ಲೈಬ್ರರಿ ಬಿ ಓಪನ್’. ಇದೇ ಸಬ್ಜಂಕ್ಟಿವ್. ಡಿಮಾಂಡ್, ರಿಕ್ವೆಸ್ಟ್, ರೆಕಮೆಂಡ್ ಪದಗಳ ನಂತರವೂ ಹೀಗೆಯೇ.

‘ಸರ್, ಲೈಬ್ರರಿ ಏಕವಚನ ಅಲ್ವಾ? ಬಿ ಹೇಗಾಗುತ್ತೆ?’ ಎಂದು ಒಬ್ಬಳು ಕೇಳಿದಳು. ನಾನು ಕನ್ನಡವನ್ನೇ ನೆನಪಿಸಿದೆ. ಅವನು ಬರುತ್ತಾನೆ, ಅವಳು ಬರುತ್ತಾಳೆ, ಅವರು ಬರುತ್ತಾರೆ: ಇಲ್ಲಿ ಕ್ರಿಯಾಪದ ಬದಲಾಗುತ್ತದೆ. ಆದರೆ ‘ಬರಲಿ’ ಎಂದಾಗ ಮೂವರಿಗೂ ಒಂದೇ ರೂಪ. ಇಂಗ್ಲಿಷಿನಲ್ಲೂ ‘ದಟ್ ಹಿ ಕಮ್’, ‘ದಟ್ ದೇ ಕಮ್’. ಮುಖ್ಯ ವಾಕ್ಯ ಭೂತಕಾಲದಲ್ಲಿದ್ದರೂ ಇದು ಬದಲಾಗದು: ‘ದೇ ಡಿಮಾಂಡೆಡ್ ದಟ್ ಹಿ ಕಮ್’. ನಿಷೇಧಕ್ಕೆ ‘ಡಸ್’ ಬೇಡ, ‘ನಾಟ್’ ಸಾಕು: ‘ದಟ್ ಹಿ ನಾಟ್ ಕಮ್’. ಬ್ರಿಟಿಷ್ ಬರಹದಲ್ಲಿ ‘ಶುಡ್ ಕಮ್’ ಎಂಬುದೂ ಸಾಮಾನ್ಯ, ಅದು ತಪ್ಪಲ್ಲ.

ಪತ್ರದ ಮುಂದಿನ ಸಾಲು: ‘ವಿ ವಿಶ್ ವಿ ಹ್ಯಾವ್ ಮೋರ್ ಟೈಮ್.’ ಸಮಯ ಈಗ ಇಲ್ಲ, ಆದರೂ ಕ್ರಿಯಾಪದ ಭೂತಕಾಲಕ್ಕೆ ಹೋಗಬೇಕು: ‘ವಿ ಹ್ಯಾಡ್ ಮೋರ್ ಟೈಮ್’. ವಿಚಿತ್ರವೆನಿಸಿತೇ? ‘ಈಗ ಸಮಯ ಇದ್ದಿದ್ದರೆ ಚೆನ್ನಾಗಿತ್ತು’ ಎಂದು ನಾವೂ ಇಂದಿನ ಕೊರತೆಗೆ ‘ಇತ್ತು’ ಬಳಸುತ್ತೇವಲ್ಲ! ಇಲ್ಲಿ ಭೂತಕಾಲ ಹೇಳುವುದು ನಿನ್ನೆಯನ್ನಲ್ಲ, ಇಲ್ಲದಿರುವುದನ್ನು. ನಿಜಕ್ಕೂ ಕಳೆದುಹೋದದ್ದರ ಬಗ್ಗೆ ಪಶ್ಚಾತ್ತಾಪವಾದರೆ ಇನ್ನೊಂದು ಹೆಜ್ಜೆ ಹಿಂದೆ: ‘ವಿ ವಿಶ್ ವಿ ಹ್ಯಾಡ್ ಆಸ್ಕ್ಡ್ ಅರ್ಲಿಯರ್’, ಮೊದಲೇ ಕೇಳಬೇಕಿತ್ತು.

ಕೊನೆಗೆ ಒಂದು ಪದವನ್ನೂ ಬದಲಿಸಿದೆವು. ಹಿರಿಯರಿಗೆ ಬರೆಯುವಾಗ ಇನ್ಸಿಸ್ಟ್ ಒರಟು. ಪತ್ರ ಹೋದದ್ದು ಹೀಗೆ: ‘ವಿ ರಿಕ್ವೆಸ್ಟ್ ದಟ್ ದ ಲೈಬ್ರರಿ ಬಿ ಕೆಪ್ಟ್ ಓಪನ್ ಟಿಲ್ ಫೈವ್.’

ಮುಂದೆ ಅನುಮಾನ ಬಂದಾಗ ವಾಕ್ಯವನ್ನು ಕನ್ನಡದಲ್ಲಿ ಹೇಳಿ ನೋಡಿ. ‘ಇದೆ’ ಎಂದು ಬಂದರೆ ‘ಈಸ್’, ‘ಇರಲಿ’ ಎಂದು ಬಂದರೆ ‘ಬಿ’.